ತುಕ್ಕು ಹಿಡಿಯುವುದು ನಿಜ, ಎಷ್ಟು ಬೇಗ?

ಕಲ್ಯಾಣದುರ್ಗದ ಒಣ ಬೇಸಿಗೆಯಲ್ಲಿ ಹೊರಗಿಟ್ಟ ಕಬ್ಬಿಣದ ಮೊಳೆ ಬಹುಕಾಲ ಹೊಳಪು ಉಳಿಸಿಕೊಳ್ಳುತ್ತದೆ. ಅದೇ ಮೊಳೆ ಮಳೆಗಾಲದ ಮಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ ಕೆಂಪಾಗುತ್ತದೆ. ಇಂಟರ್‌ಮೀಡಿಯಟ್ ಓದುವ ಮಕ್ಕಳು ಇದಕ್ಕೆ ವಿದ್ಯುದಗ್ರ ವಿಭವಗಳ ಪಟ್ಟಿಯಲ್ಲಿ ಉತ್ತರ ಹುಡುಕುವುದುಂಟು. ಅಲ್ಲಿ ಸಿಗುವುದು ಅರ್ಧ ಉತ್ತರ ಮಾತ್ರ.

ತೇವದ ಗಾಳಿಯಲ್ಲಿ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ. ಅದರಡಿಯಲ್ಲಿ ಒಂದೆಡೆ ಕಬ್ಬಿಣವು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಇನ್ನೊಂದೆಡೆ ಆಮ್ಲಜನಕವು ಅವನ್ನು ಪಡೆದು ನೀರಿನೊಡನೆ ಸೇರಿ ಹೈಡ್ರಾಕ್ಸೈಡ್ ಅಯಾನುಗಳಾಗುತ್ತದೆ. ಪ್ರಮಾಣಿತ ಅಪಕರ್ಷಣ ವಿಭವ ಕಬ್ಬಿಣಕ್ಕೆ −0.44 ವೋಲ್ಟ್, ಆಮ್ಲಜನಕಕ್ಕೆ +0.40 ವೋಲ್ಟ್, ಅಂತರ 0.84. ನಾಲ್ಕು ಇಲೆಕ್ಟ್ರಾನುಗಳು ಸಾಗುವುದರಿಂದ,

ΔG° = −nFE° = −4 × 96500 × 0.84

ಎಂದರೆ ಎರಡು ಮೋಲ್ ಕಬ್ಬಿಣಕ್ಕೆ ಸುಮಾರು −324 ಕಿಲೋಜೂಲ್. ಋಣ ಚಿಹ್ನೆಯಿರುವುದರಿಂದ ಕ್ರಿಯೆ ಸ್ವಯಂಪ್ರೇರಿತ. ಮುಂದೆ ಈ ಹೈಡ್ರಾಕ್ಸೈಡ್ ಮತ್ತಷ್ಟು ಆಮ್ಲಜನಕ ಹೀರಿ ಕೆಂಪು ತುಕ್ಕಾಗುತ್ತದೆ.

ಈ ಲೆಕ್ಕದಲ್ಲಿ ಕಾಲ ಎಲ್ಲಿಯೂ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಅದು ಆರಂಭ ಮತ್ತು ಅಂತ್ಯಗಳ ಶಕ್ತಿಯನ್ನಷ್ಟೇ ಹೋಲಿಸುತ್ತದೆ, ನಡುವಣ ದಾರಿಯನ್ನಲ್ಲ. ಅಯಾನುಗಳು ಹರಿಯಲು ನೀರಿನ ಪೊರೆ ಬೇಕು. ಒಣ ಗಾಳಿಯಲ್ಲಿ ಅದಿಲ್ಲ, ಕ್ರಿಯೆ ನಿಂತಂತಿರುತ್ತದೆ. ಕಡಲ ಉಪ್ಪು ಬೆರೆತರೆ ಪೊರೆಯ ವಾಹಕತೆ ಹೆಚ್ಚಿ ವೇಗವೂ ಹೆಚ್ಚುತ್ತದೆ. ಅಲ್ಯೂಮಿನಿಯಮ್ಮಿನ ವಿಭವ −1.66 ವೋಲ್ಟ್. ಲೆಕ್ಕದ ಪ್ರಕಾರ ಅದು ಕಬ್ಬಿಣಕ್ಕಿಂತ ಆತುರದ ಲೋಹ. ಆದರೂ ಅಡುಗೆಮನೆಯ ಪಾತ್ರೆ ವರ್ಷಾನುಗಟ್ಟಲೆ ಬಾಳುತ್ತದೆ, ಏಕೆಂದರೆ ಮೊದಲ ಆಕ್ಸೈಡ್ ಪದರವೇ ಒಳಗಿನ ಲೋಹಕ್ಕೆ ಬಿಗಿಯಾಗಿ ಅಂಟಿ ತಡೆಯಾಗುತ್ತದೆ. ಕಬ್ಬಿಣದ ತುಕ್ಕು ಸರಂಧ್ರ, ಉದುರುತ್ತದೆ.

ಹಿಂದೂಪುರದ ಮನೆಗಳ ಕಬ್ಬಿಣದ ಗೇಟುಗಳನ್ನು ನೋಡಿರಿ: ನೀರು ನಿಲ್ಲುವ ಬುಡದಲ್ಲಿಯೇ ಮೊದಲು ತುಕ್ಕು ಕಾಣುತ್ತದೆ. ಮೇಲಿನ ಸರಳಿಗೂ ವಿಭವ ಅಷ್ಟೇ.