ಟಿಕ್ ಟಿಕ್ ಎನ್ನುವ ಹಾರ್ಡ್ ಡಿಸ್ಕ್: ಕೆಟ್ಟಿದ್ದು ಕೇಬಲ್ಲೋ, ಡಿಸ್ಕೋ?

ಅಕ್ಕನ ಮಗಳ ಮದುವೆ ಫೋಟೊಗಳಿದ್ದ 1 ಟಿಬಿ ಹಾರ್ಡ್ ಡಿಸ್ಕ್ ಒಂದು ಸಂಜೆ ಲ್ಯಾಪ್‌ಟಾಪಿನಲ್ಲಿ ಕಾಣಿಸಲೇ ಇಲ್ಲ. ಪುಟ್ಟ ದೀಪ ಹತ್ತಿತು, ಒಳಗೆ ಏನೋ ತಿರುಗಲು ಹೊರಟಿತು, ‘ಟಿಕ್’ ಎಂದು ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ‘ಹೋಯ್ತು ಕಣೋ’ ಎಂದು ಅಕ್ಕ ಕೂತುಬಿಟ್ಟಳು.

ಅಂಗೈಯಗಲದ ಈ ಡಿಸ್ಕುಗಳಿಗೆ ಬೇರೆ ಕರೆಂಟ್ ಇರುವುದಿಲ್ಲ. ಒಳಗಿನ ತಟ್ಟೆ ತಿರುಗಲು ಬೇಕಾದದ್ದೆಲ್ಲ ಯುಎಸ್‌ಬಿ ಕೇಬಲ್ಲಿನಿಂದಲೇ ಬರಬೇಕು. ಹೆಚ್ಚು ಬೇಕಾಗುವುದು ಮೊದಲ ಕೆಲವು ಸೆಕೆಂಡುಗಳಲ್ಲಿ, ನಿಂತ ತಟ್ಟೆ ವೇಗ ಹಿಡಿಯುವಾಗ. ಹಳೆಯ ಯುಎಸ್‌ಬಿ 2.0 ಪೋರ್ಟು ನಿಯಮದಂತೆ ಕೊಡುವುದು 500 ಮಿಲಿಆಂಪ್, 3.0 ಕೊಡುವುದು 900. ಕೇಬಲ್ಲಿನೊಳಗೆ ತಂತಿ ಸವೆದಿದ್ದರೆ, ಅಥವಾ ನಡುವೆ ಹಬ್ ಇದ್ದರೆ, ಅದೂ ಪೂರ್ತಿ ತಲುಪದಿರಬಹುದು. ಆಗ ವೇಗ ಹಿಡಿಯಲಾರದ ಡಿಸ್ಕ್ ತನ್ನ ಓದುವ ಮುಳ್ಳನ್ನು ಮೂಲೆಗೆ ಎಳೆದುಕೊಳ್ಳುತ್ತದೆ. ಆ ‘ಟಿಕ್’ ಅದರದ್ದು.

ಮುಳ್ಳೇ ಹಾಳಾದಾಗಿನ ಸದ್ದು ಸಾಮಾನ್ಯವಾಗಿ ಬೇರೆ. ತಟ್ಟೆ ಪೂರ್ತಿ ವೇಗ ಹಿಡಿದು ಗುಂಯ್ ಎನ್ನುತ್ತಿರುತ್ತದೆ. ಆದರೆ ಮುಳ್ಳಿಗೆ ದಾರಿಯ ಗುರುತು ಓದಲಾಗುವುದಿಲ್ಲ, ಹಿಂದಕ್ಕೆ ಹೋಗಿ ಮತ್ತೆ ಹುಡುಕುತ್ತದೆ. ಟಕ್, ಟಕ್, ಟಕ್, ತಾಳ ಹಾಕಿದ ಹಾಗೆ ಒಂದೇ ಲಯದಲ್ಲಿ. ಕೆಲವು ಸಲ ಸೋತು ತಟ್ಟೆಯೂ ನಿಲ್ಲುತ್ತದೆ. ಹಾಗಾಗಿ ಕಿವಿಯನ್ನಷ್ಟೇ ನಂಬಿ ತೀರ್ಮಾನಿಸಬಾರದು.

ನಾನು ಹಬ್ ತೆಗೆದೆ. ಗಟ್ಟಿಯಾದ, ಗಿಡ್ಡ ಕೇಬಲ್ ತಂದು ಲ್ಯಾಪ್‌ಟಾಪಿನ 3.0 ಪೋರ್ಟಿಗೇ ನೇರ ಚುಚ್ಚಿದೆ. ಡಿಸ್ಕ್ ಒಂದೇ ಉಸಿರಿಗೆ ವೇಗ ಹಿಡಿಯಿತು, ಫೋಲ್ಡರುಗಳು ತೆರೆದುಕೊಂಡವು. ಹಳೆಯ ಕೇಬಲ್ಲನ್ನು ಮತ್ತೆ ಹಾಕಿದಾಗ ಅದೇ ‘ಟಿಕ್’. ಹೀಗೆ ಎರಡೂ ಕಡೆಯಿಂದ ನೋಡಿದ ಮೇಲೇ ತಪ್ಪು ಕೇಬಲ್ಲಿನದೆಂದು ಒಪ್ಪಿಕೊಂಡೆ.

ಹೊಸ ಕೇಬಲ್ಲಿನಲ್ಲೂ, ಇನ್ನೊಂದು ಕಂಪ್ಯೂಟರಿನಲ್ಲೂ ಟಕ್ ಟಕ್ ನಿಲ್ಲದಿದ್ದರೆ ಡಿಸ್ಕನ್ನು ತಕ್ಷಣ ಕಳಚಿ. ಹತ್ತು ಸಲ ಚುಚ್ಚಿ ನೋಡುವುದರಿಂದ ಹಾಳಾದ ಮುಳ್ಳು ತಟ್ಟೆಯನ್ನೇ ಗೀರಬಹುದು, ಗೀರಿದ ಜಾಗದ ಫೋಟೊ ಯಾರಿಂದಲೂ ಮರಳಿ ಬರುವುದಿಲ್ಲ. ಡಿಸ್ಕ್ ಕೆಳಗೆ ಬಿದ್ದ ಮೇಲೆ ಸದ್ದು ಶುರುವಾಗಿದ್ದರೆ ಈ ಪರೀಕ್ಷೆಯೂ ಬೇಡ, ನೇರ ಡೇಟಾ ರಿಕವರಿಯವರಲ್ಲಿಗೇ ಒಯ್ಯಿರಿ. ಫ್ರಿಜ್ಜಿನಲ್ಲಿಡುವ ಹಳೆಯ ಉಪಾಯದಿಂದ ಒಳಗೆ ತೇವ ಕಟ್ಟುತ್ತದೆ. ಮನೆಯಲ್ಲಿ ಬಿಚ್ಚಿದರೆ ಧೂಳಿನ ಕಣವೇ ಸಾಕು ಕೆಡಿಸಲು. ವಿಂಡೋಸ್ `Format` ಮಾಡಲೇ, `Initialize` ಮಾಡಲೇ ಎಂದು ಕೇಳಿದರೆ, ಒಳಗಿನದು ಬೇಕೆನ್ನುವವರು ಒಪ್ಪಲೇಬಾರದು.

ಡಿಸ್ಕ್ ಕಾಣಿಸಿದ ಕೂಡಲೇ ನಾನು ಮಾಡಿದ್ದು ಕಾಪಿ, ಮದುವೆ ಫೋಲ್ಡರು ಮೊದಲು. ಅದು ಮುಗಿದ ಮೇಲೆ `CrystalDiskInfo` ತೆರೆದು `C5` ಸಾಲು ನೋಡಿದೆ. ಓದಲು ಕಷ್ಟವಾಗಿ ಡಿಸ್ಕ್ ಅನುಮಾನದಲ್ಲಿಟ್ಟ ಜಾಗಗಳ ಲೆಕ್ಕ ಅಲ್ಲಿರುತ್ತದೆ. ಸೊನ್ನೆ ಇತ್ತು. ಹಳೆಯ ಕೇಬಲ್ಲನ್ನು ಅಕ್ಕನ ಎದುರೇ ಕತ್ತರಿಸಿ ಬಿಸಾಡಿದೆ, ಇನ್ಯಾರೂ ಎತ್ತಿ ಬಳಸಬಾರದೆಂದು.