ಬ್ಯಾಟರಿ ಕೈಕೊಟ್ಟಾಗ ಅರ್ಧಕ್ಕೆ ನಿಂತ ಕ್ಲಿಪ್

ಕ್ಯಾಮೆರಾದ ಕ್ಲಿಪ್ ಹಾಳಾಗುವುದಕ್ಕೆ ಕಾರಣ ಹಲವು. ಆದರೆ ಹೆಚ್ಚಾಗಿ ಎದುರಾಗುವುದು ಒಂದೇ ಬಗೆಯ ತೊಂದರೆ: ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಬ್ಯಾಟರಿ ಮುಗಿಯುತ್ತದೆ, ಇಲ್ಲವೇ ಯಾರೋ ಕಾರ್ಡನ್ನು ಹೊರಗೆಳೆಯುತ್ತಾರೆ. ಆಮೇಲೆ ಆ ಕ್ಲಿಪ್ ಎಲ್ಲಿಯೂ ತೆರೆಯುವುದಿಲ್ಲ. ಹಾಗಿದ್ದರೂ ಚಿತ್ರ, ಧ್ವನಿ ಎರಡೂ ಬಹುಪಾಲು ಕಾರ್ಡಿನಲ್ಲೇ ಉಳಿದಿರುತ್ತವೆ.

ಇದಕ್ಕೆ ಕಾರಣ MP4 ಮತ್ತು MOV ಫೈಲುಗಳ ರಚನೆ. ರೆಕಾರ್ಡ್ ಆಗುತ್ತಿದ್ದಂತೆ ಚಿತ್ರ ಮತ್ತು ಧ್ವನಿಯ ದತ್ತಾಂಶ `mdat` ಎಂಬ ಭಾಗಕ್ಕೆ ಸೇರುತ್ತಾ ಹೋಗುತ್ತದೆ. ಯಾವ ಫ್ರೇಮ್ ಎಲ್ಲಿ ಶುರುವಾಗುತ್ತದೆ, ಎಷ್ಟು ದೊಡ್ಡದು, ಯಾವ ಕೋಡೆಕ್‌ನಲ್ಲಿದೆ ಎಂಬ ವಿವರವೆಲ್ಲ `moov` ಎಂಬ ಇನ್ನೊಂದು ಭಾಗದಲ್ಲಿರುತ್ತದೆ. ಪುಸ್ತಕ ಪೂರ್ತಿಯಾದ ಮೇಲೆ ಪುಟಸಂಖ್ಯೆ ನೋಡಿ ಪರಿವಿಡಿ ಸಿದ್ಧಪಡಿಸುವಂತೆ, ಬಹಳಷ್ಟು ಕ್ಯಾಮೆರಾಗಳು ಇದನ್ನು ಬರೆಯುವುದು ಸ್ಟಾಪ್ ಒತ್ತಿದ ಮೇಲೆ. ಅಷ್ಟರೊಳಗೆ ವಿದ್ಯುತ್ ನಿಂತರೆ `moov` ಹುಟ್ಟುವುದೇ ಇಲ್ಲ.

ಇಂಥ ಕಾರ್ಡ್ ಕೈಗೆ ಬಂದ ಕೂಡಲೇ ಅದರ ಮೇಲೆ ಹೊಸದೇನನ್ನೂ ಶೂಟ್ ಮಾಡಬಾರದು. ಕಾರ್ಡಿಗೆ ಬದಿಯ ಲಾಕ್ ಇದ್ದರೆ ಅದನ್ನು ಹಾಕಿಯೇ ಕಂಪ್ಯೂಟರಿಗೆ ಸೇರಿಸುವುದು ಒಳ್ಳೆಯದು. ಡಿಸ್ಕನ್ನು ಸರಿಪಡಿಸಲೇ ಅಥವಾ ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳಿದರೆ ಒಪ್ಪಬಾರದು. ಆ ದುರಸ್ತಿ ನೋಡುವುದು ಕಾರ್ಡಿನ ಫೈಲ್ ಪಟ್ಟಿಯನ್ನೇ ಹೊರತು ವಿಡಿಯೊವನ್ನಲ್ಲ. ಪಟ್ಟಿಯನ್ನು ತಿದ್ದುವ ಭರದಲ್ಲಿ ಅದು ಅರ್ಧ ಬರೆದ ಫೈಲನ್ನೇ ತುಂಡರಿಸಬಹುದು. ಮೊದಲು ಇಡೀ ಕಾರ್ಡಿನ ಪ್ರತಿಯನ್ನು ಒಂದೇ ಇಮೇಜ್ ಫೈಲ್ ಆಗಿ ತೆಗೆದಿಟ್ಟುಕೊಳ್ಳಬೇಕು. ಲಿನಕ್ಸ್‌ನಲ್ಲಿ ಅದಕ್ಕೆ ddrescue ಇದೆ. ಇಲ್ಲಿನ sdX ಎಂಬಲ್ಲಿ ಕಾರ್ಡಿನ ನಿಜವಾದ ಹೆಸರು ಬರಬೇಕು:

```
ddrescue /dev/sdX card.img card.map
```

ಪ್ರತಿ ಭದ್ರವಾದ ಮೇಲೆ ಲಾಕ್ ತೆಗೆದು, ಪೂರ್ತಿ ಚಾರ್ಜ್ ಆದ ಬ್ಯಾಟರಿಯೊಂದಿಗೆ ಕಾರ್ಡನ್ನು ಅದೇ ಕ್ಯಾಮೆರಾಕ್ಕೆ ಹಾಕಿ ನೋಡಬಹುದು. ಕೆಲವು ಮಾದರಿಗಳು ಅಪೂರ್ಣ ರೆಕಾರ್ಡಿಂಗನ್ನು ಗುರುತಿಸಿ ತಾವೇ ಮುಗಿಸಿಕೊಡುತ್ತವೆ. ಗೋಪ್ರೊ ಕ್ಯಾಮೆರಾಗಳಲ್ಲಿ ಈ ಸೌಲಭ್ಯ ಬಹಳ ಕಾಲದಿಂದ ಇದೆ.

ಕ್ಯಾಮೆರಾದಿಂದ ಆಗದಿದ್ದರೆ ಒಳಗೆ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಬೇಕು. ಮುಹೂರ್ತದ ಕ್ಲಿಪ್ ಒಂದನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಸುಮಾರು 20 ನಿಮಿಷ ಚಿತ್ರೀಕರಿಸಲಾಗಿತ್ತು ಎನ್ನೋಣ. 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, 1,200 ಸೆಕೆಂಡಿಗೆ ಸುಮಾರು 15 ಜಿಬಿ. ಫೈಲಿನ ಗಾತ್ರ ಅದರ ಹತ್ತಿರವಿದ್ದರೆ ದೃಶ್ಯ ಒಳಗಿರುವ ಸಾಧ್ಯತೆ ಹೆಚ್ಚು. ಗಾತ್ರ ಸೊನ್ನೆ ತೋರಿಸಿದರೆ ತೊಂದರೆ ಬೇರೆ: ಪಟ್ಟಿಯಲ್ಲಿ ಗಾತ್ರ ದಾಖಲಾಗಿಲ್ಲ. ಆಗ ಮೊದಲು PhotoRec ನಂಥ ಸಾಧನದಿಂದ ಇಮೇಜಿನೊಳಗೆ ಹುಡುಕಿ ದತ್ತಾಂಶವನ್ನು ಹೊರತೆಗೆಯಬೇಕಾಗುತ್ತದೆ. ಗಾತ್ರ ಸರಿಯಿದ್ದ ಫೈಲನ್ನು `ffprobe` ಪರೀಕ್ಷಿಸಿದಾಗ `moov atom not found` ಎಂದು ಬಂದರೆ ರೋಗ ಇದೇ ಎಂದು ತಿಳಿಯುತ್ತದೆ.

ಚಿಕಿತ್ಸೆಗೆ untrunc ಎಂಬ ಮುಕ್ತ ತಂತ್ರಾಂಶವಿದೆ. ಅದಕ್ಕೆ ಹಾಳಾದ ಫೈಲಿನ ಜೊತೆ ಅದೇ ಕ್ಯಾಮೆರಾದ ಒಂದು ಚೆನ್ನಾಗಿರುವ ಕ್ಲಿಪ್ ಬೇಕು. ಕೋಡೆಕ್‌ನ ವಿವರವನ್ನು ಅದು ಈ ಮಾದರಿಯಿಂದ ಎರವಲು ಪಡೆದು, `mdat` ಒಳಗಿನ ಫ್ರೇಮುಗಳನ್ನು ಒಂದೊಂದಾಗಿ ಗುರುತಿಸಿ, ಹೊಸ `moov` ಕಟ್ಟುತ್ತದೆ. ಮಾದರಿ ಕ್ಲಿಪ್‌ನ ರೆಸಲ್ಯೂಷನ್, ಫ್ರೇಮ್ ದರ, ಕೋಡೆಕ್, ಧ್ವನಿಯ ಸೆಟ್ಟಿಂಗ್ ಎಲ್ಲವೂ ಹಾಳಾದದ್ದಕ್ಕೆ ತಾಳೆಯಾಗಬೇಕು. ಸೋಲು ಹೆಚ್ಚಾಗಿ ಇಲ್ಲಿಯೇ: 25 ಫ್ರೇಮಿನ ಕ್ಲಿಪ್‌ಗೆ 50 ಫ್ರೇಮಿನ ಮಾದರಿ ಕೊಟ್ಟರೆ ವೇಗ ಕೆಡುತ್ತದೆ, ಕೋಡೆಕ್ ಬೇರೆಯಾದರೆ ಏನೂ ಸಿಗುವುದಿಲ್ಲ. ಅಂಥ ಕ್ಲಿಪ್ ಹಳೆಯ ಶೂಟಿಂಗಿನಲ್ಲಿ ಸಿಗದಿದ್ದರೆ ಹೊಸದಾಗಿ ಒಂದೆರಡು ನಿಮಿಷ ಚಿತ್ರೀಕರಿಸಬೇಕು, ಅದೂ ಬೇರೆ ಕಾರ್ಡಿನಲ್ಲಿ.

```
untrunc good.mp4 broken.mp4
```

ಹೊರಬಂದ ಹೊಸ ಫೈಲ್ ಪ್ಲೇ ಆಯಿತೆಂದು ನೇರವಾಗಿ ಟೈಮ್‌ಲೈನಿಗೆ ಎಳೆಯಬಾರದು. ಕೆಳಗಿನ ಆಜ್ಞೆ ಕ್ಲಿಪ್ಪನ್ನು ಮೊದಲಿನಿಂದ ಕೊನೆಯವರೆಗೆ ಡಿಕೋಡ್ ಮಾಡಿ ದೋಷಗಳನ್ನು ಮಾತ್ರ ತೋರಿಸುತ್ತದೆ:

```
ffmpeg -v error -i fixed.mp4 -f null -
```

ಧ್ವನಿಯನ್ನು ಕಿವಿಯಿಂದಲೇ ಪರೀಕ್ಷಿಸಬೇಕು. ಸಂಕುಚಿತವಲ್ಲದ PCM ಧ್ವನಿಗೆ ಫ್ರೇಮುಗಳಂತೆ ಸ್ಪಷ್ಟ ಗುರುತು ಇರುವುದಿಲ್ಲ. ಹಾಗಾಗಿ ತಂತ್ರಾಂಶ ಅದರ ಗಡಿಯನ್ನು ತಪ್ಪಾಗಿ ಊಹಿಸಬಹುದು. ಮೊದಲ ನಿಮಿಷದಲ್ಲಿ ತಿಳಿಯದ ವ್ಯತ್ಯಾಸ ಕೊನೆಗೆ ಎದ್ದು ಕಾಣಬಹುದು. ಮುಹೂರ್ತದ ಕ್ಲಿಪ್‌ನಲ್ಲಾದರೆ ಗಟ್ಟಿಮೇಳವೇ ಒಳ್ಳೆಯ ಅಳತೆ: ಕೋಲು ಡೋಲಿಗೆ ತಾಗುವ ಫ್ರೇಮಿಗೂ ಪೆಟ್ಟಿನ ಸದ್ದಿಗೂ ಆರಂಭ, ನಡು, ಕೊನೆ ಮೂರೂ ಕಡೆ ಹೊಂದಬೇಕು. ವ್ಯತ್ಯಾಸ ಉದ್ದಕ್ಕೂ ಒಂದೇ ಆಗಿದ್ದರೆ ಧ್ವನಿಯನ್ನು ಸರಿಸಿದರೆ ಸಾಕು. ಬೆಳೆಯುತ್ತಾ ಹೋದರೆ ಇನ್ನೊಂದು ಮಾದರಿ ಕ್ಲಿಪ್ ಕೊಟ್ಟು ದುರಸ್ತಿಯನ್ನೇ ಮತ್ತೆ ಮಾಡಬೇಕು. ಎಲ್ಲ ಸರಿಯಿದ್ದರೆ ಕ್ಲಿಪ್ಪನ್ನು ProRes ಅಥವಾ DNxHR ಗೆ ಬದಲಾಯಿಸಿಕೊಂಡು ಎಡಿಟ್ ಮಾಡುವುದು ಕ್ಷೇಮ. ಉಳಿದ ಸಣ್ಣಪುಟ್ಟ ದೋಷಗಳು ಆ ಹಂತದಲ್ಲೇ ಬಯಲಾಗುತ್ತವೆ.

ಈ ವಿಧಾನ ಕಾರ್ಡಿಗೆ ಬರೆದದ್ದನ್ನು ಮಾತ್ರ ಮರಳಿಸಬಲ್ಲದು. ವಿದ್ಯುತ್ ನಿಂತ ಕ್ಷಣದಲ್ಲಿ ಕ್ಯಾಮೆರಾದ ತಾತ್ಕಾಲಿಕ ಸ್ಮೃತಿಯಲ್ಲೇ ಇದ್ದ ಕೊನೆಯ ಭಾಗ ಕಾರ್ಡಿಗೆ ತಲುಪಿರುವುದಿಲ್ಲ. ಕಾರ್ಡೇ ಕೆಟ್ಟು `mdat` ನಡುವೆ ತೂತು ಬಿದ್ದಿದ್ದರೆ ಅಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಮುಂದಿನ ಪೂರ್ಣ ಫ್ರೇಮ್ ಬರುವವರೆಗೂ ಹಾಗೆಯೇ ಇರುತ್ತದೆ. ಅಷ್ಟು ಭಾಗವನ್ನು ಎರಡನೆಯ ಕ್ಯಾಮೆರಾದ ದೃಶ್ಯದಿಂದ ತುಂಬಿಸಬೇಕು, ಇಲ್ಲವೇ ಕತ್ತರಿಸಬೇಕು.