ಕಂಟ್ರಾಕ್ಟರರ ‘ಜೈನ ಊಟ’: ಹಸಿರು ಚುಕ್ಕೆ ನೋಡಿದರೆ ಸಾಕೆ?

ಮದುವೆ ಅಥವಾ ಬಸದಿಯ ವಾರ್ಷಿಕೋತ್ಸವದ ಊಟವನ್ನು ಅಡುಗೆ ಕಂಟ್ರಾಕ್ಟರರಿಗೆ ಒಪ್ಪಿಸುವಾಗ ‘ನಮ್ಮದು ಶುದ್ಧ ಸಸ್ಯಾಹಾರಿ’ ಎಂಬ ಮಾತು ಕೇಳಿ ಹೆಚ್ಚಿನವರು ಸಮಾಧಾನಪಡುತ್ತಾರೆ. ಆದರೆ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಮಾಂಸ, ಮೀನು, ಮೊಟ್ಟೆ ಇಲ್ಲವೆಂದು ಹೇಳುತ್ತದೆಯೇ ಹೊರತು ಕಂದಮೂಲ ಇಲ್ಲವೆಂದು ಹೇಳುವುದಿಲ್ಲ. ಬೆಳ್ಳುಳ್ಳಿ ಪುಡಿ ಇದ್ದರೂ ಚುಕ್ಕೆ ಹಸಿರೇ. ಜೇನುತುಪ್ಪ ಇದ್ದರೂ ಹಸಿರೇ. ಅಷ್ಟಮೂಲಗುಣಗಳಲ್ಲಿ ಮಧುತ್ಯಾಗವನ್ನೂ ಎಣಿಸುವ ಶ್ರಾವಕರು ಇದನ್ನು ಗಮನಿಸಬೇಕು.

ಮುನ್ನೂರು ಜನರ ಮಧ್ಯಾಹ್ನದ ಊಟ ಎಂದುಕೊಳ್ಳಿ. ಸಾಂಬಾರು, ಬಾಳೆಕಾಯಿ ಬಜ್ಜಿ, ಪಾಯಸ. ಅದೇ ಕಂಟ್ರಾಕ್ಟರರು ಅಂದು ಬೇರೊಂದು ಕಡೆಗೆ ಈರುಳ್ಳಿ ಹಾಕಿದ ಊಟವನ್ನೂ ಕಳುಹಿಸಬೇಕಿದೆ. ಪಾಯಸದ ಚಿಂತೆ ಕಡಿಮೆ. ತೊಂದರೆ ಬರುವುದು ಉಳಿದೆರಡರಲ್ಲಿ.

ಸಾಂಬಾರಿನಲ್ಲಿ ಮೊದಲು ನೋಡಬೇಕಾದ್ದು ಪುಡಿ. ಕೆಲವು ಸಿದ್ಧ ಪುಡಿಗಳ ಪೊಟ್ಟಣದಲ್ಲಿ ‘ಮಸಾಲೆ ಪದಾರ್ಥಗಳು’ ಎಂದಷ್ಟೇ ಇರುತ್ತದೆ. ಒಳಗೆ ಏನೇನಿದೆ ಎಂದು ತಿಳಿಯುವುದಿಲ್ಲ. ಅದಕ್ಕಿಂತ ಕೊತ್ತಂಬರಿ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ, ಬೇಳೆಗಳನ್ನು ಮನೆಯಲ್ಲೇ ಹುರಿದು ಪುಡಿ ಮಾಡಿಸಿ ಕೊಡುವುದು ಒಳ್ಳೆಯದು. ಮಿಲ್ಲಿನವರಿಗೂ ‘ಬೆಳ್ಳುಳ್ಳಿ ಹಾಕಿದ ಖಾರದ ಪುಡಿ ಬೀಸಿದ ಮೇಲೆ ಹಾಕಬೇಡಿ’ ಎಂದು ಹೇಳಿ. ಹಸಿ ಶುಂಠಿ ಬೇಡವೆಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಈರುಳ್ಳಿ, ಬೆಳ್ಳುಳ್ಳಿ ಬೇಡವೆಂದರೆ ಅಡುಗೆಯವರಿಗೆ ಅರ್ಥವಾಗುತ್ತದೆ, ಶುಂಠಿಯೂ ಕಂದವೆಂಬುದು ಹೊಳೆಯುವುದಿಲ್ಲ.

ಇನ್ನು ಮಿಕ್ಸಿ. ಜಾರನ್ನು ಎಷ್ಟು ತೊಳೆದರೂ ಮುಚ್ಚಳದ ರಬ್ಬರ್ ಉಂಗುರದಲ್ಲಿ ಬೆಳ್ಳುಳ್ಳಿಯ ವಾಸನೆ ಉಳಿಯುತ್ತದೆ. ಪ್ಲಾಸ್ಟಿಕ್ ಡಬ್ಬಿಗಳದೂ ಇದೇ ಕಥೆ. ಸ್ಟೀಲಿಗೆ ವಾಸನೆ ಅಷ್ಟಾಗಿ ಹಿಡಿಯುವುದಿಲ್ಲ. ಒಂದು ಹಿಡಿ ನೆನೆಸಿದ ಅಕ್ಕಿ ರುಬ್ಬಿಸಿ ಮೂಸಿ ನೋಡಿ. ವಾಸನೆ ಬಂದರೆ ಆ ಜಾರು ಬೇಡವೆನ್ನಿ. ಬಾರದಿದ್ದರೆ ಜಾರು ಶುದ್ಧವೆಂದು ಅರ್ಥವಲ್ಲ, ಆಲೂಗಡ್ಡೆಗೆ ಅಂಥ ವಾಸನೆಯೇ ಇಲ್ಲ. ಆದ್ದರಿಂದ ನಮ್ಮ ಅಡುಗೆಗೆ ಬೇರೆ ಜಾರು, ಬೇರೆ ಸೌಟು, ಬೇರೆ ಈಳಿಗೆಮಣೆ ಕೇಳುವುದೇ ಸರಿ. ಅವಕ್ಕೆ ಬಣ್ಣದ ದಾರ ಕಟ್ಟಿಸಿಟ್ಟರೆ ಗಡಿಬಿಡಿಯಲ್ಲೂ ಅದಲುಬದಲಾಗುವುದು ಕಡಿಮೆ.

ಬಜ್ಜಿಯಲ್ಲಿ ಎಣ್ಣೆಯೇ ಮುಖ್ಯ. ಈರುಳ್ಳಿ ಬಜ್ಜಿ ಕರಿದ ಎಣ್ಣೆಯನ್ನು ಸೋಸಿದರೆ ಚೂರುಗಳು ಹೋಗುತ್ತವೆ, ರಸ ಹೋಗುವುದಿಲ್ಲ. ಬಣ್ಣ ಕಪ್ಪಾಗಿದ್ದು ಕಾಯಿಸಿದಾಗ ನೊರೆ ಬಂದರೆ ಅದು ಹಳೆಯ ಎಣ್ಣೆ ಎಂದು ಸಂಶಯಪಡಬಹುದು. ಎಣ್ಣೆ ಡಬ್ಬವನ್ನು ಮನೆಯವರ ಎದುರಿಗೇ ಒಡೆಸಿ, ಆ ಬಾಣಲೆಯಲ್ಲಿ ಮೊದಲು ನಮ್ಮ ಬಜ್ಜಿಯನ್ನೇ ಕರಿಸಿ. ಇನ್ನೊಂದು ಕಡೆಯದು ಆಮೇಲೆ ಆಗಲಿ.

ತರಕಾರಿ ಹಿಂದಿನ ರಾತ್ರಿಯೇ ಬರುವುದಾದರೆ ಈರುಳ್ಳಿ ಚೀಲದ ಪಕ್ಕದಲ್ಲಿ ಇಳಿಸದಂತೆ ಒಬ್ಬರು ನಿಂತು ನೋಡಿಕೊಳ್ಳಬೇಕು. ಖಾಲಿ ಪೊಟ್ಟಣಗಳನ್ನೂ ಅಂಗಡಿಯ ಬಿಲ್ಲನ್ನೂ ಊಟ ಮುಗಿಯುವವರೆಗೆ ಇಟ್ಟುಕೊಳ್ಳಲು ಹೇಳಿ. ನಿಯಮದಲ್ಲಿರುವ ಹಿರಿಯರು ‘ಪುಡಿ ಯಾವುದಪ್ಪಾ?’ ಎಂದು ಕೇಳಿದಾಗ ತಂದು ತೋರಿಸಬಹುದು.